ಪಿ, ಟಿ, ಕೆ ಮತ್ತು ನಾವು ಬಿಡದ ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತಿನ ಕ್ಲಾಸ್ ನಡೆಸುತ್ತೇನೆ. ಬರುವವರಲ್ಲಿ ಫೋನಿನಲ್ಲಿ ಹೊರದೇಶದವರ ಜೊತೆ ಮಾತಾಡುವ ಕೆಲಸದವರು ಜಾಸ್ತಿ. ಬಾದಾಮಿ ಕಡೆಯ ಗೈಡ್‌ಗಳು ಮತ್ತು ಸಾಲಿ ಟೀಚರ್‌ಗಳೂ ಇದ್ದಾರೆ. ಅವರು ಕ್ಲಾಸಿನಲ್ಲಿ ಕೇಳಿದ್ದು, ಆಮೇಲೆ ವಾಟ್ಸಾಪಿನಲ್ಲಿ ಬರೆದು ಕೇಳಿದ್ದು, ಎರಡೂ ಇಲ್ಲಿವೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಮೊದಲ ಮಾತು

ಗಾಳಿ, ಗಾಳಿ ಅಂತೀರಿ. ಯಾವ ಗಾಳಿ ರೀ ಅದು?

ಅಂಗೈಯನ್ನು ಬಾಯಿಯ ಮುಂದೆ ನಾಲ್ಕು ಬೆರಳಿನಷ್ಟು ದೂರ ಹಿಡಿಯಿರಿ. ಕಾರಹುಣ್ಣಿಮೆಯ "ಕಾರ" ಅನ್ನಿ. ಆಮೇಲೆ ಮೆಣಸಿನಕಾಯಿಯ "ಖಾರ" ಅನ್ನಿ, ಸ್ವಲ್ಪ ಒತ್ತಿ. ಎರಡನೆಯದಕ್ಕೆ ಅಂಗೈಗೆ ಬೆಚ್ಚಗೆ ಒಂದು ಉಸಿರು ತಾಗುತ್ತದೆ. ಮೊದಲನೆಯದಕ್ಕೆ ತಾಗುವುದೇ ಇಲ್ಲ ಅನ್ನಬಹುದು. ನಾನು ಗಾಳಿ ಅನ್ನುವುದು ಅದನ್ನೇ. ನಮ್ಮ ವ್ಯಾಕರಣದಲ್ಲಿ ಅದಕ್ಕೆ ಮಹಾಪ್ರಾಣ ಅನ್ನುತ್ತಾರೆ.

ಇಂಗ್ಲೆಂಡ್ ಅಥವಾ ಅಮೆರಿಕದವರು ಓಡಿಸುವ ಕಾರ್ ಬಗ್ಗೆ ಮಾತಾಡುವಾಗ ಆ ಪದದ ಮೊದಲ ಸದ್ದು ನಮ್ಮ "ಕಾರ"ದ ಹತ್ತಿರ ಇರುವುದಿಲ್ಲ, "ಖಾರ"ದ ಹತ್ತಿರ ಇರುತ್ತದೆ. ಪಿನ್, ಟೈಮ್ ಅನ್ನುವಾಗಲೂ ಅಷ್ಟೇ. ನಾವು ಮೂರನ್ನೂ ಗಾಳಿ ಇಲ್ಲದೆ ಅನ್ನುತ್ತೇವೆ.

ಸರ್, ನಾ ಪಾಟೀಲ ಅಂದ್ರ ಅವರು ಬಾಡೀಲ ಅಂತ ಯಾಕ ಬರಕೋತಾರ?

ನಮ್ಮ ಕಡೆ ಪಾಟೀಲರಿಗೇನು ಕಡಿಮೆ ಇಲ್ಲ, ಹಾಗಾಗಿ ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಒಬ್ಬ ಹುಡುಗಿ ಅಮೆರಿಕದ ಗ್ರಾಹಕರೊಬ್ಬರಿಗೆ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು: ಪಿ, ಎ, ಟಿ, ಐ, ಎಲ್. ಆ ಕಡೆಯವರು ತಿರುಗಿ ಓದಿದ್ದು: ಬಿ, ಎ, ಡಿ, ಐ, ಎಲ್. ಮತ್ತೆ ಹೇಳಿದಳು, ಈ ಸಲ ಜೋರಾಗಿ. ಅವರು ಮತ್ತೆ ಬಿ, ಡಿ ಅಂದರು. ಧ್ವನಿ ಏರಿಸಿದರೆ ಇದು ಸರಿಹೋಗುವುದಿಲ್ಲ. ಅವರ ಕಿವಿ ಹುಡುಕುತ್ತಿರುವುದು ಬೇರೆ ವಸ್ತು.

ನಮ್ಮ ಪ ಮತ್ತು ಬ ನಡುವೆ ವ್ಯತ್ಯಾಸ ಎಲ್ಲಿದೆ ನೋಡಿ. "ಬಾ" ಅನ್ನುವಾಗ ತುಟಿ ಇನ್ನೂ ಮುಚ್ಚಿರುವಾಗಲೇ ಗಂಟಲು ಗುಂಯ್‌ಗುಡಲು ಶುರುವಾಗಿರುತ್ತದೆ. ಗಂಟಲಿನ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ "ಬ್ಬಾ" ಅಂದರೆ ಗೊತ್ತಾಗುತ್ತದೆ. "ಪಾ" ಅನ್ನುವಾಗ ತುಟಿ ತೆರೆದ ಕೂಡಲೇ ಗಂಟಲು ಶುರುವಾಗುತ್ತದೆ. ಅಂದರೆ ನಾವು ಪ, ಬ ಗುರುತಿಸುವುದು ತುಟಿ ತೆರೆಯುವುದಕ್ಕೆ ಮುಂಚೆ ಏನಾಯಿತು ಅನ್ನುವುದರ ಮೇಲೆ.

ಇಂಗ್ಲಿಷಿನವರ ಲೆಕ್ಕ ತುಟಿ ತೆರೆದ ಮೇಲೆ ಶುರುವಾಗುತ್ತದೆ. ಪದದ ಮೊದಲಲ್ಲಿ ಬರುವ ಅವರ ಬಿ ಹೆಚ್ಚಾಗಿ ತುಟಿ ತೆರೆಯುವ ಹೊತ್ತಿಗೇ ಗಂಟಲು ಶುರುವಾಗುವ ಸದ್ದು, ನಮ್ಮ ಪ ಇದ್ದ ಹಾಗೆ. ಅವರ ಪಿ ಅಂದರೆ ತುಟಿ ತೆರೆದು, ಸ್ವಲ್ಪ ಹೊತ್ತು ಬರೀ ಉಸಿರು ಹರಿದು, ಆಮೇಲೆ ಗಂಟಲು ಶುರುವಾಗುವ ಸದ್ದು. 1964ರಲ್ಲಿ ಲಿಸ್ಕರ್ ಮತ್ತು ಏಬ್ರಮ್‌ಸನ್ ಅನ್ನುವ ಇಬ್ಬರು ಈ ಅಂತರವನ್ನು ಹಲವು ಭಾಷೆಗಳಲ್ಲಿ ಅಳೆದರು. ಅವರು ಅಳೆದ ಅಮೆರಿಕನ್ ಇಂಗ್ಲಿಷಿನಲ್ಲಿ ಸರಾಸರಿ ಪಿಗೆ 58 ಮಿಲಿಸೆಕೆಂಡ್, ಟಿಗೆ 70, ಕೆಗೆ 80 ಬಂತು. ಬಿ ಮತ್ತು ಡಿಗೆ ಬಂದದ್ದು 5 ಮಿಲಿಸೆಕೆಂಡಿನ ಒಳಗೆ.

ನಮ್ಮ ಪ ಈ ಎರಡನೇ ಗುಂಪಿನ ಪಕ್ಕದಲ್ಲೇ ಬೀಳುತ್ತದೆ. ಹಾಗಾಗಿ ಆ ಹುಡುಗಿ ಸ್ಪಷ್ಟವಾಗಿಯೇ ಪ ಅಂದಿದ್ದಳು. ಆ ಕಡೆಯವರೂ ಸರಿಯಾಗಿಯೇ ಕೇಳಿಸಿಕೊಂಡಿದ್ದರು, ಅವರ ಭಾಷೆಯ ಲೆಕ್ಕದಲ್ಲಿ.

ನಮ್ಮಲ್ಲೇ ಖ, ಠ, ಫ ಎಲ್ಲ ಇದ್ದಾವಲ್ಲ. ಮತ್ಯಾಕೆ ಇಂಗ್ಲಿಷ್ ಮಾತಾಡುವಾಗ ಬರಲ್ಲ?

ಎರಡು ಕಾರಣ. ಮೊದಲನೆಯದು ಎಲ್ಲರೂ ಹೇಳುವಂಥದ್ದು. ಕನ್ನಡದ ಸ್ವಂತ ಪದಗಳಲ್ಲಿ ಮಹಾಪ್ರಾಣ ಇಲ್ಲ ಅನ್ನುವಷ್ಟು ಕಡಿಮೆ. ಅವು ಸಂಸ್ಕೃತ, ಮರಾಠಿ, ಹಿಂದಿ, ಉರ್ದು ಪದಗಳ ಜೊತೆ ಬಂದವು. ಬರೆಯುವಾಗ ಬರೆಯುತ್ತೇವೆ, ಸುಮ್ನೆ ಮಾತಾಡುವಾಗ ಹಲವರ ಬಾಯಲ್ಲಿ ಅವು ಅಲ್ಪಪ್ರಾಣವೇ ಆಗಿಬಿಡುತ್ತವೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇದನ್ನೇ ಹಿಡಿದು, ಹೆಚ್ಚಿನ ಕನ್ನಡಿಗರು ಆಡದ ಮಹಾಪ್ರಾಣವನ್ನು ಬರಹದಲ್ಲಿ ಯಾಕೆ ಇಟ್ಟುಕೊಳ್ಳಬೇಕು ಅಂತ ವಾದಿಸಿದರು.

ಆದರೆ ಈ ಕಾರಣ ಒಂದೇ ಸಾಲದು. ನಮ್ಮ ಕಡೆಯವರ ಬಾಯಲ್ಲಿ "ಖರೇನ?" ಅನ್ನುವಾಗಿನ ಖ ಎಷ್ಟು ಚೆನ್ನಾಗಿ ಬರುತ್ತದೆ! ಗುಳೇದಗುಡ್ಡದ ಖಣ, ಖಾನಾಪುರ, ಠಿಕಾಣಿ, ಯಾವುದಕ್ಕೂ ತೊಂದರೆ ಇಲ್ಲ. ಅದೇ ಬಾಯಿ ಇಂಗ್ಲಿಷಿನ ಕಾಫಿ, ಕಿಚನ್ ಅನ್ನುವಾಗ ಗಾಳಿ ನಿಲ್ಲಿಸಿಬಿಡುತ್ತದೆ. ಅಂದರೆ ಬಾಯಿಗೆ ಬರುತ್ತದೆ, ನಾವೇ ಬಳಸುತ್ತಿಲ್ಲ.

ಬಳಸದೆ ಇರುವುದಕ್ಕೆ ಕಾರಣ ಬರವಣಿಗೆ. ಕಿತ್ತೂರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಬರೀ ಕೆ. ಖಾನಾಪುರಕ್ಕೆ ಕೆ ಮುಂದೆ ಎಚ್. ಎಚ್ ಇದ್ದರೆ ಗಾಳಿ, ಇಲ್ಲದಿದ್ದರೆ ಗಾಳಿ ಇಲ್ಲ ಅನ್ನುವ ಲೆಕ್ಕ ಚಿಕ್ಕಂದಿನಿಂದ ತಲೆಯಲ್ಲಿ ಕೂತಿದೆ. ಸ್ಟೇಷನ್ ಬೋರ್ಡು, ಹಾಜರಿ ಪುಸ್ತಕ, ಎಲ್ಲ ಕಡೆ ಅದೇ. ಅದೇ ಲೆಕ್ಕವನ್ನು ಇಂಗ್ಲಿಷ್ ಪದಕ್ಕೂ ಹಾಕುತ್ತೇವೆ: ಕಿಚನ್‌ನಲ್ಲಿ ಕೆ ಮುಂದೆ ಎಚ್ ಇಲ್ಲ, ಹಾಗಾದರೆ ಅದು ಕ. ಇಂಗ್ಲಿಷಿನವರು ಆ ಗಾಳಿಯನ್ನು ಬರೆಯುವುದೇ ಇಲ್ಲ. ತಾವು ಬಿಡುತ್ತೇವೆ ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೂ ಇರುವುದಿಲ್ಲ.

ನಾವು ಬೆಳಗಾವಿಯವರು, ಮರಾಠಿನೂ ಮಾತಾಡ್ತೀವಿ. ನಮಗ ಇದು ಸಸಾರ ಅಲ್ಲೇನ್ರೀ?

ಅರ್ಧ ಸಸಾರ. ಮರಾಠಿಯಲ್ಲಿ ಖೂಪ್, ಠೀಕ್, ಥಾಂಬ್ ಅಂತ ದಿನಕ್ಕೆ ಎಷ್ಟು ಸಲ ಅನ್ನುತ್ತೀರೋ. ಆ ಗಾಳಿ ಇಲ್ಲದಿದ್ದರೆ ಮರಾಠಿಯವರು ತಕ್ಷಣ ಗುರುತು ಹಿಡಿಯುತ್ತಾರೆ. ಹಾಗಾಗಿ ಕೆ ಮತ್ತು ಟಿ ಕಲಿಯುವಾಗ ಬೆಳಗಾವಿಯವರು ಬೇಗ ಮುಂದೆ ಹೋಗುತ್ತಾರೆ, ಇದು ನಾನು ನೋಡಿದ್ದು. ವಿಜಯಪುರದಲ್ಲಿ ಮನೆಯಲ್ಲಿ ಉರ್ದು ಆಡುವವರದೂ ಹೆಚ್ಚುಕಮ್ಮಿ ಅದೇ ಕಥೆ.

ಆದರೆ ಮರಾಠಿಯವರೂ ಇಂಗ್ಲಿಷ್ ಮಾತಾಡುವಾಗ ಪಿನ್‌ಗೆ ಗಾಳಿ ಬಿಡುವುದಿಲ್ಲ, ಹಿಂದಿಯವರೂ ಬಿಡುವುದಿಲ್ಲ. ಅವರಿಗೂ ಎಚ್‌ನ ಅದೇ ಲೆಕ್ಕ ಅಡ್ಡ ಬರುತ್ತದೆ. ಸದ್ದು ಬಾಯಲ್ಲಿದ್ದರೂ ಅದನ್ನು ಈ ಜಾಗಕ್ಕೆ ತರುವ ಅಭ್ಯಾಸ ಬೇರೆಯೇ ಮಾಡಬೇಕು.

ಇದು ತಪ್ಪು ಅಂತೀರಾ? ಎಲ್ಲ ಭಾರತೀಯರೂ ಹೀಗೇ ಮಾತಾಡ್ತಾರಲ್ವಾ?

ತಪ್ಪಲ್ಲ. ಭಾರತದ ಇಂಗ್ಲಿಷಿನ ಗುಣವೇ ಅದು. ಬೆಂಗಳೂರಿನವರ ಜೊತೆ, ದಿಲ್ಲಿಯವರ ಜೊತೆ ಮಾತಾಡುವಾಗ ಯಾರಿಗೂ ಗೊಂದಲ ಆಗುವುದಿಲ್ಲ, ಯಾಕೆಂದರೆ ಅವರ ಕಿವಿಯೂ ನಮ್ಮ ಕಿವಿಯೇ. ಸ್ಕಾಟ್ಲೆಂಡಿನ ಹಲವರೂ ಈ ಗಾಳಿಯನ್ನು ಕಡಿಮೆ ಬಿಡುತ್ತಾರೆ. ತೊಂದರೆ ಬರುವುದು ಒಂದು ಕಡೆ ಮಾತ್ರ: ಕೇಳುವವರು ಅಮೆರಿಕ ಅಥವಾ ಇಂಗ್ಲೆಂಡಿನವರಾಗಿದ್ದು, ಹಿಂದೆ ಮುಂದೆ ಸಂದರ್ಭ ಇಲ್ಲದ ಹೆಸರು, ಅಕ್ಷರ, ಕೋಡ್ ಹೇಳುವಾಗ. ನಿಮ್ಮ ಕೆಲಸದಲ್ಲಿ ಅದು ಇಲ್ಲದಿದ್ದರೆ ಈ ಪುಟವನ್ನು ಇಲ್ಲೇ ಬಿಟ್ಟರೂ ನಡೆಯುತ್ತದೆ.

## ಬಾಯಿಗೆ ತರುವುದು

ನನಗೆ ಆ ವ್ಯತ್ಯಾಸ ಕೇಳಿಸೋದೇ ಇಲ್ಲ. ಮೊದಲು ಕಿವಿಗೆ ಹೇಗೆ ಹತ್ತಿಸೋದು?

ಇಂಗ್ಲಿಷ್ ಪದ ಕೇಳಬೇಡಿ. ಅವರು ನಮ್ಮ ಪದ ಹೇಳುವುದನ್ನು ಕೇಳಿ. ಪಟ್ಟದಕಲ್ಲಿಗೆ ಬರುವ ವಿದೇಶಿ ಪ್ರವಾಸಿಗರು ಆ ಊರಿನ ಹೆಸರು ಹೇಳುವಾಗ ಮೊದಲ ಅಕ್ಷರಕ್ಕೆ ಕಿವಿಗೊಡಿ. ಅದು ಪ ಆಗಿರುವುದಿಲ್ಲ. ತುಟಿ ಸಿಡಿದು, ಹಿಂದೆಯೇ ಒಂದು ಸಣ್ಣ ಹ ಓಡಿಬರುತ್ತದೆ: "ಪ್ಹಟ್ಟಡಕಲ್". ಕಿತ್ತೂರು ಅವರ ಬಾಯಲ್ಲಿ "ಖಿಟೂರ್" ಹತ್ತಿರ ಹೋಗುತ್ತದೆ. ಗೊತ್ತಿರುವ ಪದ ಕೆಟ್ಟಾಗ ಕಿವಿಗೆ ಬೇಗ ಚುಚ್ಚುತ್ತದೆ, ಅಲ್ವಾ? ನನ್ನ ಕ್ಲಾಸಿನ ಗೈಡ್‌ಗಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ, ಅವರು ಆ ಅಣಕ ಮಾಡಿ ನಗಿಸುತ್ತಾರೆ. ಆ ಅಣಕದಲ್ಲಿ ಬರುವ ಗಾಳಿಯೇ ನಿಮಗೆ ಬೇಕಾದದ್ದು. ಪ್ರವಾಸಿಗರು ಸಿಗದಿದ್ದರೆ ಯೂಟ್ಯೂಬಿನಲ್ಲಿ ವಿದೇಶಿಯರು ಕರ್ನಾಟಕ ಸುತ್ತುವ ವಿಡಿಯೋ ಹಾಕಿ, "ಕರ್ನಾಟಕ" ಅನ್ನುವ ಪದಕ್ಕೆ ಕಾಯಿರಿ.

ಪಿನ್ ಅನ್ನೋ ಕಡೆ "ಫಿನ್" ಅಂದ್ರೆ ಮುಗೀತಲ್ಲ?

ಮುಗಿಯುವುದಿಲ್ಲ, ಹೊಸ ತೊಂದರೆ ಶುರುವಾಗುತ್ತದೆ. ಈಗ ಫಲ, ಫರಕ್ ಅನ್ನುವಾಗ ನಿಮ್ಮ ಬಾಯಿಯನ್ನು ಕನ್ನಡಿಯಲ್ಲಿ ನೋಡಿ. ಹೆಚ್ಚಿನವರಿಗೆ ಎರಡು ತುಟಿ ಒಂದಕ್ಕೊಂದು ಮುಟ್ಟುವುದೇ ಇಲ್ಲ. ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂರುತ್ತದೆ, ಫ್ಯಾನ್ ಅನ್ನುವಾಗಿನ ಹಾಗೆ. ಈ ಫ ಹಾಕಿ ಪಿನ್ ಅಂದರೆ ಕೇಳುವವರಿಗೆ ಮೀನಿನ ರೆಕ್ಕೆಗೆ ಹೇಳುವ ಇಂಗ್ಲಿಷ್ ಪದ ಕೇಳಿಸುತ್ತದೆ. ಪ್ಯಾನ್ ಹೋಗಿ ಫ್ಯಾನ್ ಆಗುತ್ತದೆ.

ಇದಕ್ಕೇ ಮೂರು ಅಕ್ಷರಗಳಲ್ಲಿ ಪಿ ನಮಗೆ ಕಷ್ಟ. ಕೆಗೆ ಖ ಇದೆ, ಟಿಗೆ ಠ ಇದೆ. ಪಿಗೆ ನಮ್ಮ ದಿನದ ಮಾತಿನಲ್ಲಿ ಸಿದ್ಧ ಸದ್ದು ಉಳಿದಿಲ್ಲ. ಅದನ್ನು ಕಟ್ಟಿಕೊಳ್ಳಬೇಕು. ಮುಂದಿನ ಉತ್ತರ ಅದರದ್ದೇ.

ಹಾಗಾದ್ರ ಎಲ್ಲಿಂದ ಶುರು ಮಾಡ್ಲಿ?

"ಕಪ್ ಹಿಡಿ" ಅನ್ನುವುದರಿಂದ. ನಿಜವಾಗಿಯೂ. ಯಾರ ಕೈಗೋ ಚಹಾದ ಕಪ್ ಕೊಡುತ್ತಾ ಅವಸರದಲ್ಲಿ ಅನ್ನುವ ಹಾಗೆ ಹೇಳಿ: ಕಪ್ಹಿಡಿ. "ಕಪ್ಪು ಹಿಡಿ" ಅಂತ ನಡುವೆ ಉ ಸೇರಿಸಬಾರದು, ಎರಡು ಪದದ ನಡುವೆ ನಿಲ್ಲಲೂಬಾರದು. ನಡುವೆ "ಪ್ಹಿ" ಅಂತ ಬರುತ್ತದಲ್ಲ, ಅದೇ ಇಂಗ್ಲಿಷ್ ಪಿನ್‌ನ ಶುರು. ತುಟಿ ಎರಡೂ ಮುಚ್ಚಿ ತೆರೆಯುತ್ತವೆ, ಹಿಂದೆ ಉಸಿರು ಬರುತ್ತದೆ, ಹಲ್ಲು ತುಟಿಗೆ ತಾಗುವ ಮಾತೇ ಇಲ್ಲ.

ಈಗ ಮುಂದಿನ ಭಾಗವನ್ನು ಒಂದೊಂದಾಗಿ ಕತ್ತರಿಸಿ. ಮೊದಲು ಪೂರ್ತಿ "ಕಪ್ಹಿಡಿ". ಆಮೇಲೆ ಮೊದಲ ಕ ಬಿಟ್ಟು "ಅಪ್ಹಿಡಿ". ಆಮೇಲೆ ಅ ಕೂಡ ಬಿಟ್ಟು, ತುಟಿ ಮುಚ್ಚಿಕೊಂಡು ಅಲ್ಲಿಂದಲೇ "ಪ್ಹಿಡಿ". ಕೊನೆಗೆ ಡಿ ತೆಗೆದು ನ್ ಹಾಕಿ: "ಪ್ಹಿನ್". ಈ ನಾಲ್ಕು ಮೆಟ್ಟಿಲಲ್ಲಿ ಹೆಚ್ಚಿನವರು ಜಾರುವುದು ಮೂರನೆಯದರಲ್ಲಿ. ಅ ಬಿಟ್ಟ ಕೂಡಲೇ ಬಾಯಿ ಹಳೆಯ ಪ ಹಿಡಿದುಬಿಡುತ್ತದೆ. ಹಾಗಾದರೆ ಮತ್ತೆ ಒಂದು ಮೆಟ್ಟಿಲು ಹಿಂದೆ ಹೋಗಿ, ಅ ಅನ್ನು ಬಾಯಲ್ಲಿ ಹೇಳದೆ ಮನಸ್ಸಿನಲ್ಲಿ ಮಾತ್ರ ಅಂದುಕೊಂಡು ಉಳಿದದ್ದನ್ನು ಹೇಳಿ.

ಟಿಗೆ "ಗೇಟ್ ಹಾಕು", ಕೆಗೆ "ಬುಕ್ ಹಿಡಿ". ಇವೆರಡನ್ನೂ ಹೀಗೇ ಕತ್ತರಿಸುತ್ತಾ ಹೋಗಿ. ಕೆಗೆ ಇಷ್ಟು ಸುತ್ತು ಬೇಡ ಅನ್ನುವವರು "ಖರೇ" ಅಂದುಕೊಂಡು ನೇರವಾಗಿ "ಖೆಟಲ್" ಅಂತ ಚಹಾ ಕಾಸುವ ಕೆಟಲ್‌ಗೆ ಹೋಗಬಹುದು.

ಎಷ್ಟು ಜೋರಾಗಿ ಊದಬೇಕು?

ಊದಬಾರದು. ಜೋರಿಗೂ ಇದಕ್ಕೂ ಸಂಬಂಧ ಕಡಿಮೆ, ಇದು ಹೊತ್ತಿನ ವಿಷಯ. ಗಂಟಲಲ್ಲಿ ಎರಡು ಧ್ವನಿ ತಂತುಗಳಿವೆ. ಅವು ಹತ್ತಿರ ಬಂದು ಕಂಪಿಸಿದರೆ ಸ್ವರ ಹುಟ್ಟುತ್ತದೆ, ದೂರ ಇದ್ದರೆ ಬರೀ ಉಸಿರು ಹಾಯುತ್ತದೆ. ನಮ್ಮ "ಪಾ"ದಲ್ಲಿ ತುಟಿ ತೆರೆಯುವ ಹೊತ್ತಿಗೆ ತಂತುಗಳು ಹತ್ತಿರ ಬಂದು ಸಿದ್ಧವಾಗಿರುತ್ತವೆ. "ಪ್ಹಾ"ದಲ್ಲಿ ತುಟಿ ತೆರೆದಾಗ ಅವು ಇನ್ನೂ ಅಗಲವಾಗಿ ತೆರೆದಿರುತ್ತವೆ. ಅವು ಹತ್ತಿರ ಬರುವವರೆಗೆ ಉಸಿರು ತಾನಾಗಿ ಹರಿಯುತ್ತದೆ. ಗಾಳಿ ಅಂದರೆ ಅಷ್ಟೇ.

ಜೋರಾಗಿ ಊದುವವರಿಗೆ ಆಗುವುದೇನೆಂದರೆ, ಪ ಮತ್ತು ಹ ಎರಡು ತುಂಡಾಗುತ್ತವೆ. ಪಿನ್ ಹೋಗಿ "ಪಹಿನ್" ಆಗುತ್ತದೆ, ಒಂದು ಉಚ್ಚಾರದ ಪದ ಎರಡಾಗುತ್ತದೆ. ಇದನ್ನು ಗುರುತಿಸುವುದು ಸುಲಭ. ಪಿನ್ ಅನ್ನುತ್ತಾ ಮೇಜಿನ ಮೇಲೆ ಬೆರಳು ತಟ್ಟಿ. ಒಂದೇ ತಟ್ಟು ಬರಬೇಕು. ಇನ್ನೊಂದು ತಟ್ಟಬೇಕು ಅನ್ನಿಸಿದರೆ ನೀವು ಊದುತ್ತಿದ್ದೀರಿ. ಆಗ ಪದವನ್ನು ಪಿಸುಮಾತಿನಲ್ಲಿ ಹೇಳಿ ನೋಡಿ. ಪಿಸುಗುಟ್ಟುವಾಗ ತಂತುಗಳು ಕಂಪಿಸುವುದೇ ಇಲ್ಲ, ಹಾಗಾಗಿ ಪ ಮತ್ತು ಇ ನಡುವೆ ಉಸಿರು ಕಡಿಯದೆ ಹರಿಯುತ್ತದೆ. ಪಿಸುಮಾತಿನಲ್ಲಿ ಶುರು ಮಾಡಿ, "ಇನ್" ಬರುವಾಗ ಮಾತ್ರ ಧ್ವನಿ ಸೇರಿಸಿ. ನನ್ನ ಪ್ರಕಾರ ಇಡೀ ಅಭ್ಯಾಸದಲ್ಲಿ ಬಹಳ ಉಪಯೋಗಕ್ಕೆ ಬರುವುದು ಇದೇ.

ಬಾಯಿ ಮುಂದ ಕಾಗದ ಹಿಡದ್ರ ಪಿಗೆ ಅಲಗತದ, ಕೆಗೆ ಅಲಗೂದಿಲ್ಲ. ನನ್ನ ಕೆ ತಪ್ಪೇನು?

ತಪ್ಪಿರಲಿಕ್ಕಿಲ್ಲ. ಕಾಗದದ ಪರೀಕ್ಷೆ ಪಿಗೆ ಮಾಡಿದ್ದು. ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಇಳಿಬಿಟ್ಟು ಪಿನ್ ಅಂದರೆ ಅದು ಒಮ್ಮೆಲೇ ಹಾರಬೇಕು, ಸ್ಪಿನ್ ಅಂದರೆ ಹೆಚ್ಚುಕಮ್ಮಿ ಸುಮ್ಮನಿರಬೇಕು. ಪಿಗೆ ಗಾಳಿ ತುಟಿಯಲ್ಲೇ ಸಿಡಿಯುತ್ತದೆ, ಕಾಗದ ಅಲ್ಲೇ ಇರುತ್ತದೆ. ಕೆ ಸಿಡಿಯುವುದು ನಾಲಿಗೆಯ ಹಿಂಭಾಗದಲ್ಲಿ. ಅಲ್ಲಿಂದ ಬಾಯಿಯಷ್ಟು ದೂರ ಬರುವಾಗ ಗಾಳಿ ಚದುರಿ ಮೆತ್ತಗಾಗುತ್ತದೆ. ಟಿ ಎರಡರ ನಡುವೆ. ಆದರೆ ಹೊತ್ತಿನ ಲೆಕ್ಕದಲ್ಲಿ ಕೆಯ ಗಾಳಿಯೇ ಉದ್ದ. ಹಾಗಾಗಿ ಕೆಗೆ ಕಾಗದ ಬಿಟ್ಟು ಅಂಗೈ ಹಿಡಿಯಿರಿ, ಅಥವಾ ರೆಕಾರ್ಡ್ ಮಾಡಿ ಕೇಳಿ.

ಪಿಯಲ್ಲೂ ಕಾಗದ ಮೋಸ ಮಾಡುವುದುಂಟು. ನೀವು ಫ ಅಂದರೂ ಅದು ಅಲುಗುತ್ತದೆ. ವ್ಯತ್ಯಾಸ ಏನೆಂದರೆ, ಫ ಅಂದಾಗ ಕಾಗದ ಮೆಲ್ಲಗೆ ಎದ್ದು ನಡುಗುತ್ತಾ ನಿಲ್ಲುತ್ತದೆ. ಸರಿಯಾದ ಪಿ ಅದನ್ನು ಒಂದೇ ಏಟಿಗೆ ಹಾರಿಸಿ ಬಿಟ್ಟುಬಿಡುತ್ತದೆ.

ಟೈಮ್‌ಗೆ "ಥೈಮ್" ಅನ್ಬೇಕೋ "ಠೈಮ್" ಅನ್ಬೇಕೋ?

ಠ. ಥ ಅನ್ನುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ. ಥ್ಯಾಂಕ್ಸ್ ಅಂತ ಬರೆಯಲು ನಾವು ಅದನ್ನೇ ಬಳಸುತ್ತೇವೆ, ಹಾಗಾಗಿ ಅದನ್ನು ಟಿಯ ಜಾಗಕ್ಕೆ ತಂದರೆ ಕೇಳುವವರಿಗೆ ಟಿ ಎಚ್ ಕೂಡಿದ ಬೇರೆ ಸದ್ದು ಅನ್ನಿಸಬಹುದು. ಇಂಗ್ಲಿಷಿನ ಟಿಗೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ಒಸಡಿನ ದಿಣ್ಣೆಗೆ ತಾಗುತ್ತದೆ, ನಮ್ಮ ಟ ಅದಕ್ಕಿಂತ ಹಿಂದೆ. ಈ ಜಾಗದ ಫರಕನ್ನು ಸದ್ಯ ಬಿಡಿ. ಡಿ ಅಲ್ಲ ಟಿ ಅಂತ ಗೊತ್ತಾಗಲು ಗಾಳಿಯೇ ಸಾಕು. ನಾಲಿಗೆ ಆಮೇಲೆ ಮುಂದೆ ತಂದರಾಯಿತು.

## ಇನ್ನೂ ಸ್ವಲ್ಪ ಒಳಗೆ

ಪಿ, ಟಿ, ಕೆ ಬಂದ ಕಡೆಯೆಲ್ಲ ಗಾಳಿ ಬಿಡಬೇಕಾ?

ಬೇಡ, ಬಿಟ್ಟರೆ ಇನ್ನೂ ವಿಚಿತ್ರ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಪ್ರತಿ ಉದ್ದ ಪದದಲ್ಲೂ ಒಂದು ಭಾಗಕ್ಕೆ ಒತ್ತು ಜಾಸ್ತಿ. ಪೂರ್ತಿ ಗಾಳಿ ಬರುವುದು ಆ ಒತ್ತು ಬಿದ್ದ ಭಾಗದ ಮೊದಲಲ್ಲಿ. ಕನ್ನಡದಲ್ಲಿ ಅಷ್ಟು ಎದ್ದು ಕಾಣುವ ಒತ್ತು ಇಲ್ಲ, ಅದಕ್ಕೇ ನಮಗೆ ಇದನ್ನು ಹುಡುಕಬೇಕಾಗುತ್ತದೆ.

ಕಂಪ್ಯೂಟರ್ ಪದ ತಗೊಳ್ಳಿ, ಮೂರೂ ಸದ್ದು ಅದರಲ್ಲಿವೆ. ಒತ್ತು ನಡುವಿನ "ಪ್ಯೂ" ಮೇಲೆ. ಹಾಗಾಗಿ ಪೂರ್ತಿ ಗಾಳಿ ಪಿಗೆ. ಮೊದಲ ಕ ಪದದ ಶುರುವಿನಲ್ಲಿದ್ದರೂ ಒತ್ತಿಲ್ಲ, ಅದಕ್ಕೆ ಸ್ವಲ್ಪ ಮಾತ್ರ. ಕೊನೆಯ ಟಗೆ ಒತ್ತೂ ಇಲ್ಲ, ಪದದ ಮೊದಲೂ ಅಲ್ಲ. ಅದಕ್ಕೆ ಗಾಳಿ ಬೇಡ, ಅಮೆರಿಕದವರಂತೂ ಅದನ್ನು ನಾಲಿಗೆ ಒಮ್ಮೆ ತಾಗಿಸಿ ಡ ಥರ ಮಾಡಿಬಿಡುತ್ತಾರೆ. ನಾವು ಅದೇ ಪದವನ್ನು ಮೂರು ಕಡೆಯೂ ಒಂದೇ ಸಮ ಹೇಳುತ್ತೇವೆ.

ಪೇಪರ್‌ನಲ್ಲಿ ಮೊದಲ ಪಿಗೆ ಗಾಳಿ, ಎರಡನೆಯದಕ್ಕೆ ಇಲ್ಲ. ಅಕೌಂಟ್, ಅಪಾಯಿಂಟ್‌ಮೆಂಟ್ ಎರಡರಲ್ಲೂ ಒತ್ತು ಎರಡನೇ ಭಾಗಕ್ಕೆ: ಅ-ಖೌಂಟ್, ಅ-ಪ್ಹಾಯಿಂಟ್‌ಮೆಂಟ್. ಹೋಟೆಲ್ ಕೂಡ ಅವರಿಗೆ ಹೋ-ಠೆಲ್, ನಮ್ಮ ಹೋಟ್ಲು ಅಲ್ಲ.

ಸ್ಕೂಲ್, ಸ್ಟಾಪ್, ಸ್ಪೂನ್ ಇದಕ್ಕೆಲ್ಲ?

ಎಸ್ ಹಿಂದೆಯೇ ಬರುವ ಪಿ, ಟಿ, ಕೆಗೆ ಗಾಳಿ ಇಲ್ಲ. ಅಲ್ಲಿ ನಮ್ಮ ಪ, ಟ, ಕ ಇದ್ದ ಹಾಗೇ ನಡೆಯುತ್ತವೆ. ಹೊಸದಾಗಿ ಗಾಳಿ ಕಲಿತವರು ಉತ್ಸಾಹದಲ್ಲಿ "ಸ್ಖೂಲ್" ಅಂದುಬಿಡುತ್ತಾರೆ, ಅದನ್ನು ತಡೆಯಬೇಕು. ಕೂಲ್–ಸ್ಕೂಲ್, ಟೂಲ್–ಸ್ಟೂಲ್, ಪಿನ್–ಸ್ಪಿನ್ ಅಂತ ಜೋಡಿಯಾಗಿ ಹೇಳುತ್ತಾ, ಮೊದಲನೆಯದಕ್ಕೆ ಕೈಗೆ ಗಾಳಿ ತಾಗಿ, ಎರಡನೆಯದಕ್ಕೆ ತಾಗದ ಹಾಗೆ ಮಾಡಿ. ಗಾಳಿ ಬಿಡುವುದರ ಜೊತೆಗೆ ನಿಲ್ಲಿಸುವುದೂ ಕೈಗೆ ಹತ್ತುತ್ತದೆ.

ಇಲ್ಲೊಂದು ಮಜಾ ಇದೆ. ಅಮೆರಿಕದವರು ಸ್ಪಿನ್ ಅಂದ ರೆಕಾರ್ಡಿಂಗನ್ನು Audacity ಥರದ ಪ್ರೋಗ್ರಾಮಿನಲ್ಲಿ ತೆರೆದು, ಮೊದಲ ಸ್ ಸದ್ದನ್ನು ಕತ್ತರಿಸಿ ಉಳಿದದ್ದನ್ನು ಕೇಳಿ. ನಿಮಗೆ ಪಿನ್ ಅಂತ ಕೇಳಿಸುತ್ತದೆ. ಅದನ್ನೇ ಅಮೆರಿಕದವರಿಗೆ ಕೇಳಿಸಿದರೆ ಬಿನ್ ಅನ್ನುತ್ತಾರೆ. ಸದ್ದು ಒಂದೇ, ಕೇಳುವ ಕಿವಿ ಬೇರೆ. ನಮ್ಮ ಪಾಟೀಲ ಬಾಡೀಲ ಆಗಿದ್ದು ಇದೇ ದಾರಿಯಲ್ಲಿ.

ನಾನು ಕ್ಲಾಸ್ ಅಂದ್ರೆ ಗ್ಲಾಸ್ ಅಂತ ತಿಳ್ಕೋತಾರೆ. ಇಲ್ಲಿ ಗಾಳಿ ಎಲ್ಲಿ ಬಿಡೋದು, ಕ ಹಿಂದೆ ಲ ಇದೆಯಲ್ಲ?

ಗಾಳಿ ಲ ಒಳಗೇ ಹೋಗಬೇಕು. ಪ್ಲೇ, ಟ್ರೀ, ಕ್ಲಾಸ್, ಕ್ವಿಕ್ ಇಂಥ ಪದಗಳಲ್ಲಿ ಪಿ, ಟಿ, ಕೆ ಹಿಂದೆಯೇ ಲ, ರ, ವ ಬಂದಾಗ ಆ ಎರಡನೇ ಸದ್ದು ಧ್ವನಿ ಕಳೆದುಕೊಂಡು ಉಸಿರಾಗಿ ಬರುತ್ತದೆ. ಲ ಅನ್ನುವ ಹಾಗೆ ನಾಲಿಗೆ ಇಟ್ಟು ಧ್ವನಿ ಇಲ್ಲದೆ ಉಸಿರು ಬಿಡಿ, ನಾಲಿಗೆಯ ಅಕ್ಕಪಕ್ಕ ಸುಯ್ ಅಂತ ಹೋಗುತ್ತದೆ. ಕ ಹಿಂದೆ ಅದನ್ನು ಜೋಡಿಸಿ, "ಆಸ್" ಬರುವಾಗ ಧ್ವನಿ ತನ್ನಿ. "ಖ್ಲಾಸ್" ಅಂತ ಕ್‌ಗೇ ಗಾಳಿ ಬಿಡಲು ಹೋದರೆ ನಡುವೆ ಒಂದು ಅ ನುಗ್ಗಿ "ಖಲಾಸ್" ಆಗಿಬಿಡುತ್ತದೆ!

ಪದದ ಕೊನೆಯಲ್ಲಿ ಬಂದ್ರೆ? ಕ್ಯಾಪ್, ಬೆಟ್?

ಅಲ್ಲಿ ಗಾಳಿ ಬೇಕಿಲ್ಲ, ಅವರೂ ಎಷ್ಟೋ ಸಲ ತುಟಿ ಮುಚ್ಚಿ ಹಾಗೇ ಬಿಟ್ಟುಬಿಡುತ್ತಾರೆ. ಕ್ಯಾಪ್ ಮತ್ತು ಕ್ಯಾಬ್ ಗುರುತಾಗುವುದು ಮುಖ್ಯವಾಗಿ ನಡುವಿನ ಸ್ವರದ ಉದ್ದದಿಂದ. ಕ್ಯಾಪ್‌ನಲ್ಲಿ ಗಿಡ್ಡ, ಕ್ಯಾಬ್‌ನಲ್ಲಿ ಉದ್ದ.

ನಾನು ಹಳ್ಳಿ ಸಾಲಿ ಟೀಚರ್. ಬೋರ್ಡಿನ ಮೇಲೆ ಮಕ್ಕಳಿಗೆ ಹೇಗೆ ಬರೆದು ತೋರಿಸಲಿ?

ಕನ್ನಡದಲ್ಲಿ ಬರೆಯಲೇಬೇಕು ಅಂದರೆ ಪಿಗೆ ಫ ಬರೆಯಬೇಡಿ, ಮಕ್ಕಳು ಹಲ್ಲು ತುಟಿಗೆ ತರುತ್ತಾರೆ. "ಪ್ಹಿನ್" ಅಂತ ಪ್ ಕೆಳಗೆ ಹ ಒತ್ತು ಹಾಕಿ. ಟಿಗೆ ಠ, ಕೆಗೆ ಖ ಸಾಕು. ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ: ಇಂಗ್ಲಿಷ್ ಸ್ಪೆಲ್ಲಿಂಗ್ ಹಾಗೇ ಬರೆದು, ಗಾಳಿ ಬೇಕಾದ ಅಕ್ಷರದ ತಲೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ಚುಕ್ಕೆ ಇಡುವುದು. ಪೇಪರ್‌ನ ಮೊದಲ ಪಿ ಮೇಲೆ ಚುಕ್ಕೆ ಇದೆ, ಎರಡನೆಯದರ ಮೇಲೆ ಇಲ್ಲ ಅಂತ ಮಕ್ಕಳೇ ಕೇಳುತ್ತಾರೆ. ಪಾಠ ಅಲ್ಲಿಂದ ಶುರು ಮಾಡಬಹುದು.

ಸರಿ ಬಂತೋ ಇಲ್ವೋ ಅಂತ ಅಳೆದು ನೋಡೋಕೆ ಆಗುತ್ತಾ?

ಆಗುತ್ತದೆ, ಖರ್ಚಿಲ್ಲದೆ. ಕಂಪ್ಯೂಟರಿನಲ್ಲಿ Praat ಅನ್ನುವ ಪ್ರೋಗ್ರಾಮ್ ಹಾಕಿಕೊಳ್ಳಿ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಪಿನ್ ಅಂತ ರೆಕಾರ್ಡ್ ಮಾಡಿ ಫೈಲನ್ನು WAV ರೂಪದಲ್ಲಿ ಇಟ್ಟುಕೊಳ್ಳಿ. ಪ್ರೋಗ್ರಾಮಿನಲ್ಲಿ ಅದನ್ನು ತೆರೆದು View & Edit ಒತ್ತಿದರೆ ಸದ್ದಿನ ಅಲೆ ಕಾಣುತ್ತದೆ. ಪದದ ಶುರುವನ್ನು ದೊಡ್ಡದು ಮಾಡಿ.

ಮೊದಲು ಒಂದು ಚೂಪು ಗೆರೆ ಏಳುತ್ತದೆ, ಅದು ತುಟಿ ಸಿಡಿದ ಹೊತ್ತು. ಸ್ವಲ್ಪ ಮುಂದೆ ಒಂದೇ ಸಮ ಮತ್ತೆ ಮತ್ತೆ ಬರುವ ದೊಡ್ಡ ಅಲೆಗಳು ಶುರುವಾಗುತ್ತವೆ, ಅದು ಗಂಟಲು ಕಂಪಿಸಲು ಶುರುವಾದದ್ದು. ಎರಡರ ನಡುವಿನ ಕೂದಲು ಕೂದಲಾದ ಜಾಗವೇ ಗಾಳಿ. ಗೆರೆಯಿಂದ ಮೊದಲ ದೊಡ್ಡ ಅಲೆಯವರೆಗೆ ಮೌಸ್ ಎಳೆದರೆ ಆ ಭಾಗದ ಉದ್ದ ಸೆಕೆಂಡಿನಲ್ಲಿ ಕಾಣುತ್ತದೆ. 0.015ರ ಸುಮಾರು ಬಂದರೆ ಅದು ನಮ್ಮ ಪ. 0.050 ದಾಟಿದರೆ ಕೇಳುವವರಿಗೆ ಪಿ ಅಂತಲೇ ಹತ್ತುತ್ತದೆ. 0.100 ದಾಟಿ ಬಹಳ ಮುಂದೆ ಹೋದರೆ ನೀವು ಊದುತ್ತಿದ್ದೀರಿ. ಚೂಪು ಗೆರೆಗಿಂತ ಮುಂಚೆಯೇ ಸಣ್ಣ ಅಲೆಗಳು ಕಂಡರೆ ಅದು ನಮ್ಮ ಬ. ಚೂಪು ಗೆರೆಯೇ ಇಲ್ಲದೆ ಬರೀ ಕೂದಲು ಕೂದಲಾಗಿದ್ದರೆ ಫ ಅಂದಿದ್ದೀರಿ, ತುಟಿ ಮುಚ್ಚಲೇ ಇಲ್ಲ.

ಒಂದು ಎಚ್ಚರ: ಮೈಕನ್ನು ತುಟಿಯ ನೇರ ಮುಂದೆ ಹಿಡಿದರೆ ಗಾಳಿ ಅದಕ್ಕೇ ಬಡಿದು ಅಲೆ ಕೆಡುತ್ತದೆ. ಗಲ್ಲದ ಪಕ್ಕಕ್ಕೆ ಹಿಡಿಯಿರಿ.

ಒಂದೊಂದು ಪದ ಚೊಲೋ ಬರ್ತದ. ಫೋನ್ ಬಂದ ಕೂಡಲೇ ಎಲ್ಲಾ ಹೋಗಿಬಿಡ್ತದ. ಏನ್ ಮಾಡ್ಲಿ?

ಎಲ್ಲ ಪದಕ್ಕೂ ಗಾಳಿ ತರಲು ಹೋಗಬೇಡಿ. ನಿಮ್ಮ ಕೆಲಸದಲ್ಲಿ ದಿನಾ ಬರುವ ಐದಾರು ವಾಕ್ಯ ಆರಿಸಿ, ಅದರಲ್ಲಿ ಎಲ್ಲೆಲ್ಲಿ ಗಾಳಿ ಅಂತ ಪೆನ್ನಿನಿಂದ ಚುಕ್ಕೆ ಹಾಕಿ, ಅಷ್ಟನ್ನೇ ಬಾಯಿಪಾಠ ಮಾಡಿ. ಪಾಟೀಲ ಅನ್ನುವ ಆ ಹುಡುಗಿಗೆ ನಾನು ಕೊಟ್ಟಿದ್ದು ಒಂದೇ ವಾಕ್ಯ, ಹೆಸರು ಬಿಡಿಸಿ ಹೇಳುವುದು. ಪಿ ಮತ್ತು ಟಿ, ಎರಡೇ ಚುಕ್ಕೆ. ಅಕ್ಷರ ಒಂದೊಂದಾಗಿ ಹೇಳುವಾಗ ಪ್ರತಿಯೊಂದಕ್ಕೂ ಒತ್ತು ಬೀಳುತ್ತದೆ, ಹಾಗಾಗಿ ಎರಡಕ್ಕೂ ಪೂರ್ತಿ ಗಾಳಿ: ಪ್ಹೀ, ಎ, ಠೀ, ಐ, ಎಲ್. ಮೊದಲು ಪಿಸುಮಾತಿನಲ್ಲಿ, ಆಮೇಲೆ ಧ್ವನಿ ಸೇರಿಸಿ, ಕೊನೆಗೆ ಬೇರೆ ಕೋಣೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ.

ಅಕ್ಕನಿಗೆ ಹೇಳುವುದು ಮಾತು ರೂಢಿಯಾಗಲಿ ಅಂತ ಮಾತ್ರ, ಪರೀಕ್ಷೆಗಲ್ಲ. ಅವಳ ಕಿವಿ ಹೇಗೂ ಪ ಅಂತಲೇ ಕೇಳಿಸಿಕೊಳ್ಳುತ್ತದೆ. ಪರೀಕ್ಷೆಗೆ ಫೋನಿನ ಧ್ವನಿ ಟೈಪಿಂಗ್ ಬಳಸಬಹುದು. ಭಾಷೆ ಅಮೆರಿಕದ ಇಂಗ್ಲಿಷಿಗೆ ಇಟ್ಟು, ಭಾರತದ ಇಂಗ್ಲಿಷಿಗೆ ಅಲ್ಲ, ಪಿನ್, ಬಿನ್, ಪ್ಯಾಕ್, ಬ್ಯಾಕ್ ಅಂತ ಬಿಡಿ ಪದ ಹೇಳಿ ಏನು ಬರೆಯುತ್ತದೆ ನೋಡಿ. ವಾಕ್ಯದಲ್ಲಿ ಹೇಳಿದರೆ ಅದು ಸಂದರ್ಭ ನೋಡಿ ತಾನೇ ತಿದ್ದಿಬಿಡುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ.

ಗಾಳಿ ಕೈಗೆ ಹತ್ತುವವರೆಗೆ ಫೋನಿನಲ್ಲಿ ಅಕ್ಷರದ ಜೊತೆ ಒಂದು ಪದ ಸೇರಿಸಿ. ಪಿ ಫಾರ್ ಪೆನ್ಸಿಲ್, ಟಿ ಫಾರ್ ಟೈಗರ್. ಬೆನ್ಸಿಲ್ ಅಂತಲೋ ಡೈಗರ್ ಅಂತಲೋ ಕೇಳಿಸಿದರೂ, ಇದು ಪೆನ್ಸಿಲ್, ಇದು ಟೈಗರ್ ಅಂತ ಆ ಕಡೆಯವರು ತಾವೇ ಸರಿಪಡಿಸಿಕೊಳ್ಳುತ್ತಾರೆ. ಪಿ ಫಾರ್ ಪಾರ್ಕ್ ಮಾತ್ರ ಬೇಡ. ಅದು ಬಾರ್ಕ್ ಆಗುತ್ತದೆ, ಆ ಪದವೂ ಅವರಲ್ಲಿ ಇದೆ.